ಕರ್ವ್ ಮಾಡಬೇಕೆ, ಫಾಂಟ್ ಸೇರಿಸಿ ಕಳಿಸಬೇಕೆ?

ಮನೆಯಲ್ಲೇ ಕಂಪ್ಯೂಟರಿನಲ್ಲಿ ಕೂತು ಗೃಹಪ್ರವೇಶದ ಪತ್ರಿಕೆ ಮಾಡಿ ಪ್ರೆಸ್ಸಿಗೆ ಕಳಿಸಿದವರಿಗೆ ಅಲ್ಲಿಂದ ಬರುವ ಮೊದಲ ಫೋನು ಹೆಚ್ಚಾಗಿ ಒಂದೇ ಮಾತಿನದು: "ಸಾರ್, ಅಕ್ಷರ ಎಲ್ಲಾ ಬೇರೆ ಥರ ಬರ್ತಿದೆ, ಕರ್ವ್ ಮಾಡಿ ಕಳಿಸಿ." ಇನ್ನು ಕೆಲವು ಕಡೆ ಇದಕ್ಕೆ ತದ್ವಿರುದ್ಧ. "ಕರ್ವ್ ಬೇಡ, ಫಾಂಟ್ ಎಂಬೆಡ್ ಆಗಿರೋ ಪಿಡಿಎಫ್ ಕೊಡಿ ಸಾಕು" ಎನ್ನುತ್ತಾರೆ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ. ಕೊಟ್ಟ ಫೈಲನ್ನು ಅವರು ಯಾವ ಯಂತ್ರದಲ್ಲಿ, ಯಾವ ತಂತ್ರಾಂಶದಲ್ಲಿ ತೆರೆಯುತ್ತಾರೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ, ಅಷ್ಟೆ.

ಅಕ್ಷರ "ಬೇರೆ ಥರ" ಬರುವುದು ಯಾಕೆ? ನಾವು ಪರದೆಯ ಮೇಲೆ ಒಂದು ಹೆಸರು ಟೈಪ್ ಮಾಡಿದಾಗ ಫೈಲಿನೊಳಗೆ ಅಕ್ಷರದ ಚಿತ್ರ ಸೇರುವುದಿಲ್ಲ. ಅಲ್ಲಿ ಸೇರುವುದು ಒಂದಷ್ಟು ಸಂಕೇತಗಳು, ಜೊತೆಗೆ "ಇದನ್ನು ಇಂಥ ಫಾಂಟಿನಲ್ಲಿ ತೋರಿಸು" ಅನ್ನುವ ಒಂದು ಸೂಚನೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ, ತಂತ್ರಾಂಶ ತನಗೆ ಸಿಕ್ಕಿದ ಬೇರೊಂದು ಫಾಂಟಿನಲ್ಲಿ ಅದೇ ಸಂಕೇತಗಳನ್ನು ತೋರಿಸಿಬಿಡುತ್ತದೆ. ಇಂಗ್ಲಿಷಿನಲ್ಲಾದರೆ ಇದರಿಂದ ಅಕ್ಷರದ ಚಂದ ಕೆಡುತ್ತದೆ, ಸಾಲು ಎಲ್ಲೋ ಮುರಿಯುತ್ತದೆ, ಆದರೂ ಓದಬಹುದು. ಕನ್ನಡದಲ್ಲಿ ಓದಲಿಕ್ಕೂ ಆಗದ ಹಾಗಾಗುತ್ತದೆ. ಕಾರಣ, ನಮ್ಮ ಡಿಟಿಪಿ ಕೇಂದ್ರಗಳಲ್ಲಿ ಇಂದಿಗೂ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳು ಧಾರಾಳವಾಗಿ ಬಳಕೆಯಲ್ಲಿವೆ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಫಾಂಟುಗಳನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆಂದು ಇರುವ ಸ್ಥಾನಗಳಲ್ಲಿ ಇವು ಕನ್ನಡದ ತುಂಡುಗಳನ್ನು ಕೂರಿಸಿವೆ. "ಕನ್ನಡ" ಎಂದು ಟೈಪ್ ಮಾಡಿದ್ದು ಫಾಂಟ್ ಇಲ್ಲದ ಕಡೆ `PÀ£ÀßqÀ` ಎಂದು ಕಾಣುತ್ತದೆ. `P` ಜಾಗದಲ್ಲಿ ತಲಕಟ್ಟಿಲ್ಲದ ಕ, `À` ಜಾಗದಲ್ಲಿ ತಲಕಟ್ಟು, `ß` ಜಾಗದಲ್ಲಿ ನಕಾರದ ಒತ್ತು. ಈ ವಿವರ ಮುಂದೆ ಇನ್ನೊಂದು ಕಡೆ ಬೇಕಾಗುತ್ತದೆ.

ಹೀಗಾಗದಂತೆ ಮಾಡಲು ದಾರಿ ಎರಡು. ಒಂದು, ಫಾಂಟಿನ ಹಂಗೇ ಬೇಡವೆಂದು ಪ್ರತಿ ಅಕ್ಷರವನ್ನೂ ಗೆರೆಗಳ ಚಿತ್ರವಾಗಿ ಬದಲಿಸಿಬಿಡುವುದು. ಕೋರಲ್ ಡ್ರಾದಲ್ಲಿ ಅಕ್ಷರ ಆಯ್ದು `Ctrl+Q` ಒತ್ತಿದರೆ ಆಗುವುದು ಇದೇ, ಅದಕ್ಕೇ "ಕರ್ವ್ ಮಾಡಿ" ಅನ್ನುವ ಮಾತು. ಇಲಸ್ಟ್ರೇಟರಿನಲ್ಲಿ ಇದೇ ಕೆಲಸದ ಹೆಸರು `Create Outlines`, ಕೀಲಿಗಳು `Shift+Ctrl+O`. ಇನ್ನೊಂದು, ಪಿಡಿಎಫ್ ಮಾಡುವಾಗ ಫಾಂಟನ್ನೇ ಅದರೊಳಗೆ ಸೇರಿಸಿ ಕಳಿಸುವುದು, ಅಂದರೆ ಎಂಬೆಡ್ ಮಾಡುವುದು. ಸಾಮಾನ್ಯವಾಗಿ ಇಡೀ ಫಾಂಟ್ ಒಳಗೆ ಹೋಗುವುದಿಲ್ಲ. ಆ ಪುಟಗಳಲ್ಲಿ ಬಳಕೆಯಾದ ಅಕ್ಷರಗಳಷ್ಟೇ ಹೋಗುತ್ತವೆ, ದಾರಿಗೆ ಬೇಕಾದಷ್ಟೇ ಬುತ್ತಿ ಕಟ್ಟಿಕೊಂಡ ಹಾಗೆ. ಫಾಂಟ್ ಕಡತವನ್ನೇ ಬೇರೆಯಾಗಿ ಪ್ರೆಸ್ಸಿಗೆ ಕಳಿಸುವ ಮೂರನೆಯ ರೂಢಿಯೂ ಇದೆ. ಕೊಂಡ ಫಾಂಟಾದರೆ ಪರವಾನಗಿ ಅದಕ್ಕೆ ಒಪ್ಪುವುದು ಕಡಿಮೆ. ಪುಕ್ಕಟೆ ಫಾಂಟಾದರೂ ಅದೇ ಹೆಸರಿನ ಹಳೆಯ ಆವೃತ್ತಿ ಅವರಲ್ಲಿ ಮೊದಲೇ ಇದ್ದರೆ ಸಾಲುಗಳು ಜರುಗುತ್ತವೆ. ಅದನ್ನು ಇಲ್ಲಿಗೇ ಬಿಡೋಣ.

ಕಾಗದದ ಮೇಲೆ ನೋಡಿದರೆ ಎಂಬೆಡ್ ಮಾಡುವುದೇ ಉತ್ತಮ. ದೊಡ್ಡ ಮುದ್ರಣಾಲಯಗಳು ಕೇಳುವ ಪಿಡಿಎಫ್/ಎಕ್ಸ್ ಮಾನದಂಡಗಳು, ಅಂದರೆ ಎಕ್ಸ್-1ಎ, ಎಕ್ಸ್-4 ಇತ್ಯಾದಿ, ಫೈಲಿನಲ್ಲಿ ಬಳಸಿದ ಪ್ರತಿ ಫಾಂಟೂ ಒಳಗೇ ಇರಬೇಕೆಂದು ಕಡ್ಡಾಯ ಮಾಡಿವೆ. ಅಂಥ ಪಿಡಿಎಫ್ ನೇರವಾಗಿ ರಿಪ್‌ಗೆ ಹೋಗುತ್ತದೆ. ರಿಪ್ ಅಂದರೆ ಪುಟವನ್ನು ಚುಕ್ಕೆಗಳಾಗಿ ಒಡೆದು ಪ್ಲೇಟ್ ಮಾಡುವ ಸಿಟಿಪಿ ಯಂತ್ರಕ್ಕೋ ಡಿಜಿಟಲ್ ಪ್ರಿಂಟರಿಗೋ ಕೊಡುವ ತಂತ್ರಾಂಶ. ಅದು ಒಳಗಿನ ಫಾಂಟನ್ನು ತೆಗೆದು ಅಕ್ಷರ ಬರೆಯುತ್ತದೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ.

ತೊಂದರೆ ಶುರುವಾಗುವುದು ಪಿಡಿಎಫ್ ರಿಪ್‌ಗೆ ಹೋಗುವ ಮುಂಚೆ ಇನ್ನೊಬ್ಬರ ಕೋರಲ್ಲಿನಲ್ಲಿ ತೆರೆದುಕೊಂಡಾಗ. ನಮ್ಮ ಸಣ್ಣ ಊರುಗಳ ಪ್ರೆಸ್ಸುಗಳಲ್ಲಿ, ಬೆಂಗಳೂರಿನ ಎಷ್ಟೋ ಗಲ್ಲಿಗಳಲ್ಲೂ, ಕೆಲಸ ನಡೆಯುವ ಬಗೆಯೇ ಹಾಗೆ. ಬಂದ ಪಿಡಿಎಫ್ಪನ್ನು ಆಪರೇಟರ್ ಕೋರಲ್ಲಿಗೆ ತರುತ್ತಾನೆ. ಒಂದು ಹಾಳೆಯಲ್ಲಿ ನಾಲ್ಕೋ ಎಂಟೋ ಕಾರ್ಡು ಕೂರಿಸಬೇಕು, ಕಟಿಂಗ್ ಗುರುತು ಹಾಕಬೇಕು, ಬಣ್ಣ ತಿದ್ದಬೇಕು. ಕೋರಲ್ಲಾಗಲಿ ಇಲಸ್ಟ್ರೇಟರಾಗಲಿ ಪಿಡಿಎಫ್ಪನ್ನು ತಿದ್ದಲು ತೆರೆದಾಗ ಒಳಗಿನ ಫಾಂಟನ್ನು ತಿದ್ದುವುದಕ್ಕೆ ಬಳಸುವುದಿಲ್ಲ. ಕಂಪ್ಯೂಟರಿನಲ್ಲಿ ಅಳವಡಿಸಿದ ಫಾಂಟನ್ನೇ ಹುಡುಕುತ್ತವೆ. ಸಿಗದಿದ್ದರೆ ಬದಲಿ ಫಾಂಟ್, ಮತ್ತೆ ಅದೇ `PÀ£ÀßqÀ`. ನೀವು ಎಷ್ಟು ಜೋಪಾನವಾಗಿ ಎಂಬೆಡ್ ಮಾಡಿದ್ದರೂ ಇಲ್ಲಿ ಉಪಯೋಗವಿಲ್ಲ.

ಯೂನಿಕೋಡ್ ಫಾಂಟ್ ಬಳಸಿದರೆ ಈ ಕಾಟ ತಪ್ಪುತ್ತದೆ ಎಂದು ಹಲವರು ಭಾವಿಸಿದ್ದಾರೆ. ಅರ್ಧ ಮಾತ್ರ ನಿಜ. ಯೂನಿಕೋಡಿನಲ್ಲಿ "ಲಕ್ಷ್ಮಿ" ಅನ್ನುವ ಪದ ಅಕ್ಷರ, ಹಲಂತ, ಅಕ್ಷರ ಎಂಬ ಸರಣಿಯಾಗಿ ದಾಖಲಾಗಿರುತ್ತದೆ. ಒತ್ತು ಮೂಡಿಸಿ ಜೋಡಿಸುವುದು ಫಾಂಟ್ ಮತ್ತು ತಂತ್ರಾಂಶ ಸೇರಿ ಮಾಡುವ ಕೆಲಸ. ಪಿಡಿಎಫ್ ಆದ ಮೇಲೆ ಅಲ್ಲಿ ಉಳಿಯುವುದು ಹಾಗೆ ಜೋಡಿಸಿ ಮುಗಿದ ಆಕಾರಗಳ ಕ್ರಮಸಂಖ್ಯೆಗಳು. ಮೂಲ ಅಕ್ಷರ ಯಾವುದಿತ್ತು ಎಂದು ಹೇಳುವ ಪಟ್ಟಿ ಜೊತೆಗಿರಬಹುದು, ಆದರೆ ಒತ್ತಕ್ಷರಗಳ ವಿಷಯದಲ್ಲಿ ಅದು ಪೂರ್ತಿ ನಂಬುವಂಥದ್ದಲ್ಲ. ಆದ್ದರಿಂದ ಆ ಪಿಡಿಎಫ್ಪನ್ನು ಮತ್ತೆ ತಿದ್ದುವ ತಂತ್ರಾಂಶಕ್ಕೆ ತಂದಾಗ, ಅದೇ ಫಾಂಟ್ ಅಲ್ಲಿ ಇದ್ದರೂ, "ಲಕ್‌ಷ್‌ಮಿ" ಎಂದು ಹಲಂತಗಳು ಎದ್ದು ನಿಲ್ಲುವುದು, ಒತ್ತು ತನ್ನ ಅಕ್ಷರ ಬಿಟ್ಟು ಪಕ್ಕಕ್ಕೆ ಸರಿಯುವುದು ಆಗುತ್ತದೆ. ದೂರದಿಂದ ನೋಡಿದರೆ ಎಲ್ಲ ಕನ್ನಡವೇ ಆದ್ದರಿಂದ ಇದು `PÀ£ÀßqÀ`ಗಿಂತ ಅಪಾಯ. ಕನ್ನಡ ಓದಲು ಬಾರದ ಆಪರೇಟರ್ ಇದ್ದರಂತೂ ಹಾಗೇ ಅಚ್ಚಾಗಿ ಬರುತ್ತದೆ. ಕ್ಯಾಲೆಂಡರು, ಲೇಬಲ್ಲು ಅಂತ ಕೆಲಸ ಹೊರರಾಜ್ಯದ ಪ್ರೆಸ್ಸಿಗೆ ಹೋಗುವಾಗ ಕರ್ವ್ ಮಾಡಿಯೇ ಕಳಿಸಬೇಕೆಂದು ಡಿಟಿಪಿಯವರು ಹಟ ಹಿಡಿಯುವುದು ಇದಕ್ಕೇ. ಹಟ ನ್ಯಾಯವಾದದ್ದು.

ಹಾಗಾದರೆ ಎಲ್ಲವನ್ನೂ ಕರ್ವ್ ಮಾಡಿಬಿಟ್ಟರಾಯಿತಲ್ಲ? ಒಂದು ಪತ್ರಿಕೆಯನ್ನೇ ಇಟ್ಟುಕೊಂಡು ನೋಡೋಣ. ಗೃಹಪ್ರವೇಶದ ಕಾರ್ಡು, ಹಳೆಯ ನುಡಿ ಫಾಂಟಿನಲ್ಲಿ ಕೋರಲ್ಲಿನಲ್ಲಿ ಮಾಡಿದ್ದು. ದೇವರ ಹೆಸರು ಮೇಲೆ, ಮನೆಯವರ ಹೆಸರು ದೊಡ್ಡದಾಗಿ, ಮುಹೂರ್ತ, ವಿಳಾಸ, ಕೆಳಗೆ 8 ಪಾಯಿಂಟಿನಲ್ಲಿ "ತಮ್ಮ ಆಗಮನವನ್ನು ಬಯಸುವವರು" ಎಂದು ಬಂಧುಗಳ ಪಟ್ಟಿ.

ಎಲ್ಲವನ್ನೂ ಆಯ್ದು `Ctrl+Q` ಒತ್ತಿದಿರಿ. ಈಗ ಅಲ್ಲಿ ಅಕ್ಷರ ಅನ್ನುವುದೇ ಇಲ್ಲ, ಬರೀ ಬಿಂದುಗಳು ಮತ್ತು ಅವನ್ನು ಸೇರಿಸುವ ಗೆರೆಗಳು. ಹಳೆಯ ಫಾಂಟಿನಲ್ಲಿ ಕ ಅನ್ನುವುದು ದೇಹ ಮತ್ತು ತಲಕಟ್ಟು ಎಂಬ ಎರಡು ತುಂಡು ಎಂದೆವಲ್ಲ, ನಡುವೆ ಬಿರುಕು ಕಾಣಬಾರದೆಂದು ಇಂಥ ತುಂಡುಗಳು ಒಂದರ ಮೇಲೊಂದು ಕೊಂಚ ಹತ್ತಿಕೊಂಡಿರುತ್ತವೆ. ಅಕ್ಷರವಾಗಿದ್ದಾಗ ಕಪ್ಪಿನ ಮೇಲೆ ಕಪ್ಪು, ಗೊತ್ತೇ ಆಗುವುದಿಲ್ಲ. ಕರ್ವ್ ಆಗಿ ಇಡೀ ಸಾಲು ಒಂದೇ ಆಕೃತಿಯಾದ ಮೇಲೆ, ಯಾವುದು ಒಳಗು, ಯಾವುದು ಹೊರಗು ಎಂದು ತಂತ್ರಾಂಶ ತೀರ್ಮಾನಿಸಬೇಕಾಗುತ್ತದೆ. ಎರಡು ಗೆರೆ ದಾಟಿದರೆ ಹೊರಗು ಅನ್ನುವ ನಿಯಮ ಅದು ಹಿಡಿದಿದ್ದರೆ, ತುಂಡುಗಳು ಹತ್ತಿಕೊಂಡ ಜಾಗ ಖಾಲಿ ಎಂದಾಗುತ್ತದೆ. ತಲಕಟ್ಟಿನ ಬುಡದಲ್ಲಿ, ಒತ್ತಿನ ನೆತ್ತಿಯಲ್ಲಿ ಅಕ್ಕಿಕಾಳಿಗಿಂತ ಸಣ್ಣ ಬಿಳಿ ಚೂರುಗಳು ಕಾಣುವುದು ಹೀಗೆ. ಎಲ್ಲ ಫಾಂಟಿನಲ್ಲೂ ಆಗುವುದಿಲ್ಲ, ಆಗುವ ಫಾಂಟಿನಲ್ಲಿ ಪ್ರತಿ ಅಕ್ಷರದಲ್ಲೂ ಆಗಬಹುದು. ಪರದೆಯನ್ನು 400 ಪಾಲು ಹಿಗ್ಗಿಸಿ ತಲಕಟ್ಟಿನ ಸಂದುಗಳನ್ನು ನೋಡಿದರೆ ತಿಳಿಯುತ್ತದೆ. ಕಂಡರೆ, ತುಂಡುಗಳನ್ನು ಬಿಡಿಸಿ `Weld` ಕೊಡಬೇಕು, ಆಗ ಹೊರಗೆರೆ ಮಾತ್ರ ಉಳಿದು ಒಂದಾಗುತ್ತವೆ. ಪಕ್ಕದಲ್ಲೇ ಇರುವ `Combine` ಒತ್ತಿದರೆ ಇಲ್ಲದ ತೂತೂ ಬೀಳುತ್ತದೆ.

ಬಿಡಿಸುವಾಗ ಇನ್ನೊಂದು ಎಡವಟ್ಟು ಕಾದಿರುತ್ತದೆ. `Ctrl+K` ಒತ್ತಿ ಸಾಲನ್ನು ಪುಡಿಮಾಡಿದರೆ ಠ, ರ, ಅಂ ಸೊನ್ನೆ ಇವುಗಳ ಒಳಗಿನ ಬಿಳಿ ಜಾಗವೂ ಬೇರೆ ಆಕೃತಿಯಾಗಿ ಕಪ್ಪು ತುಂಬಿಕೊಳ್ಳುತ್ತದೆ. ಹೀಗಾಗಿ ಬೇಕಾದ ಅಕ್ಷರವಷ್ಟನ್ನೇ ಬಿಡಿಸಿ, ಸುತ್ತಿದ ಹೊಟ್ಟೆಯನ್ನು ಮತ್ತೆ ಸೇರಿಸಿ, ಆಮೇಲೆ ವೆಲ್ಡ್ ಮಾಡಬೇಕು. ಕೈಕೆಲಸ, ಬೇಸರದ್ದು.

ಮುಂದಿನದು 8 ಪಾಯಿಂಟಿನ ಬಂಧುಗಳ ಪಟ್ಟಿ. ಫಾಂಟಾಗಿ ಬಂದ ಅಕ್ಷರವನ್ನು ಚುಕ್ಕೆಯಾಗಿಸುವಾಗ ರಿಪ್ ಅಕ್ಷರಗಳಿಗೆಂದೇ ಇರುವ ನಾಜೂಕು ಲೆಕ್ಕ ಬಳಸುತ್ತದೆ. ಸಣ್ಣ ಗಾತ್ರದಲ್ಲಿ ಗೆರೆಗಳ ದಪ್ಪ ಸಮವಾಗಿರಲೆಂದು ಫಾಂಟಿನೊಳಗೇ ಇರುವ ಸೂಚನೆಗಳೂ ಅದರ ನೆರವಿಗಿರುತ್ತವೆ. ಕರ್ವ್ ಆದಾಗ ಆ ಸೂಚನೆಗಳು ಬಿದ್ದುಹೋಗುತ್ತವೆ. ಅದು ಈಗ ಬರೀ ಚಿತ್ರ. ಚಿತ್ರಕ್ಕೆ ಪೋಸ್ಟ್‌ಸ್ಕ್ರಿಪ್ಟ್, ಪಿಡಿಎಫ್ಪಿನ ನಿಯಮವೆಂದರೆ, ಆಕೃತಿ ಒಂದು ಚುಕ್ಕೆಯ ಮೂಲೆಗೆ ತಾಗಿದರೂ ಆ ಚುಕ್ಕೆ ತುಂಬಬೇಕು. ಇದರಿಂದ ಅಕ್ಷರ ಕೂದಲೆಳೆಯಷ್ಟು ದಪ್ಪವಾಗುತ್ತದೆ. ಎಷ್ಟು ಅನ್ನುವುದು ಯಂತ್ರದ ಮೇಲೆ ಹೋಗುತ್ತದೆ. ಅಕ್ಷರದ ಒಂದು ತೆಳು ಗೆರೆ 0.15 ಮಿಲಿಮೀಟರ್ ಇದೆಯೆಂದುಕೊಳ್ಳಿ. 2400 ಡಿಪಿಐ ಸಿಟಿಪಿಯಲ್ಲಿ ಒಂದು ಚುಕ್ಕೆ ಸುಮಾರು 0.01 ಮಿಮೀ, ಗೆರೆಗೆ 14 ಚುಕ್ಕೆ. ಒಂದು ಹೆಚ್ಚಾದರೆ ಕಣ್ಣಿಗೆ ಬೀಳುವುದಿಲ್ಲ. 600 ಡಿಪಿಐ ಲೇಸರ್ ಪ್ರಿಂಟರಿನಲ್ಲಿ ಒಂದು ಚುಕ್ಕೆ 0.042 ಮಿಮೀ, ಅದೇ ಗೆರೆಗೆ ಮೂರೂವರೆ ಚುಕ್ಕೆಯಷ್ಟೇ ಜಾಗ. ಅಲ್ಲಿ ಒಂದು ಚುಕ್ಕೆ ಹೆಚ್ಚಾದರೂ ಕಾಲುಭಾಗಕ್ಕಿಂತ ಮೇಲೆ ದಪ್ಪವಾಯಿತು. ಕನ್ನಡದಲ್ಲಿ ಒತ್ತುಗಳು ಮೂಲ ಅಕ್ಷರಕ್ಕಿಂತ ಚಿಕ್ಕವು, ಅವುಗಳ ಹೊಟ್ಟೆ ಇನ್ನೂ ಚಿಕ್ಕದು. "ಷ್ಠ"ದ ಒತ್ತಿನ ಕಣ್ಣು ಮುಚ್ಚಿಹೋಗಿ ಮಸಿಯ ಚುಕ್ಕೆಯಾಗುವುದು ಇಲ್ಲಿ. ಆದ್ದರಿಂದ ಆಫ್‌ಸೆಟ್ಟಿಗೆ ಹೋಗುವ ಕೆಲಸದಲ್ಲಿ ದಪ್ಪದ ಚಿಂತೆ ಬಿಡಬಹುದು. 50 ಕಾರ್ಡನ್ನು ಡಿಜಿಟಲ್ ಯಂತ್ರದಲ್ಲಿ ತೆಗೆಸುವವರು, ಚಿಕ್ಕ ಅಕ್ಷರವಿದ್ದರೆ, ಮೊದಲು ಒಂದು ಪ್ರತಿ ತೆಗೆಸಿ ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ಪರದೆಯ ಮೇಲೆ ಕರ್ವ್ ಆದ ಅಕ್ಷರ ದಪ್ಪಗೆ ಕಾಣುವುದಕ್ಕೆ ಮಾತ್ರ ಬೆಲೆ ಕೊಡಬೇಡಿ. ಪರದೆಯ ಚುಕ್ಕೆಗಳು ಇನ್ನೂ ಒರಟು.

ಕಾರ್ಡು ಪ್ರೆಸ್ಸಿಗೆ ಹೋಯಿತು. ಸಂಜೆ ಮನೆಯ ಯಜಮಾನರ ಫೋನು. ಪುರೋಹಿತರು ಮುಹೂರ್ತ ಬದಲಿಸಿದ್ದಾರೆ, 10-30 ಅಲ್ಲ, 10-45. ಕರ್ವ್ ಆದ ಫೈಲಿನಲ್ಲಿ ಟೈಪ್ ಮಾಡುವ ಹಾಗಿಲ್ಲ. ಪಳಗಿದ ಆಪರೇಟರ್ ಕೆಳಗಿನ ಮೊಬೈಲ್ ಸಂಖ್ಯೆಯಿಂದ 4 ಮತ್ತು 5ನ್ನು ನಕಲು ಮಾಡಿ, ಹಿಗ್ಗಿಸಿ ಇಲ್ಲಿ ಕೂರಿಸುತ್ತಾನೆ. ನಿಮಿಷದ ಕೆಲಸ. "ಜ್ಯೇಷ್ಠ" ಎಂದಿದ್ದುದು "ಆಷಾಢ" ಆಗಬೇಕಿದ್ದರೆ ಈ ಉಪಾಯ ನಡೆಯುವುದಿಲ್ಲ. ಢ ಇನ್ನೆಲ್ಲೂ ಇಲ್ಲದಿದ್ದರೆ ತರುವುದೆಲ್ಲಿಂದ? ಫಾಂಟ್ ಎಂಬೆಡ್ ಆದ ಪಿಡಿಎಫ್ಪಿನಲ್ಲಿ ತಿದ್ದುವುದು ಸುಲಭ ಎಂದೂ ತಿಳಿಯಬೇಡಿ. ಬಳಸಿದ ಅಕ್ಷರಗಳಷ್ಟೇ ಒಳಗಿರುವುದರಿಂದ ಅಲ್ಲೂ ಢ ಇರುವುದಿಲ್ಲ. ತಿದ್ದುವ ಜಾಗ ಯಾವತ್ತೂ ಮೂಲ ಫೈಲು. ಕರ್ವ್ ಮಾಡುವವರು ಕಟ್ಟುನಿಟ್ಟಾಗಿ ಪಾಲಿಸಬೇಕಾದ ಶಿಸ್ತು ಇಲ್ಲಿಂದಲೇ ಬಂದದ್ದು: ಅಕ್ಷರ ಜೀವಂತವಾಗಿರುವ ಪ್ರತಿ ಒಂದು, ಕರ್ವ್ ಆದದ್ದು ಬೇರೆ ಹೆಸರಿನಲ್ಲಿ ಇನ್ನೊಂದು. ಅದಕ್ಕಿಂತ ಸುರಕ್ಷಿತ ದಾರಿ, ಮೂಲವನ್ನು ಮುಟ್ಟದೇ ಇರುವುದು. ಕೋರಲ್ಲಿನಿಂದ ಪಿಡಿಎಫ್ ಮಾಡುವಾಗ ಸೆಟ್ಟಿಂಗಿನಲ್ಲಿ `Export all text as curves` ಎಂಬುದಕ್ಕೆ ಗುರುತು ಹಾಕಿದರೆ, ಹೊರಬರುವ ಪಿಡಿಎಫ್ ಮಾತ್ರ ಕರ್ವ್ ಆಗಿರುತ್ತದೆ, ನಿಮ್ಮ ಫೈಲಿನಲ್ಲಿ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ.

ಕಾರ್ಡಿನ ಕಥೆ ಇಷ್ಟು. ಪುಸ್ತಕಕ್ಕೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. 160 ಪುಟದ ಒಂದು ಸ್ಮರಣ ಸಂಚಿಕೆ, ಪುಟಕ್ಕೆ ಸುಮಾರು 1,200 ಆಕಾರಗಳು ಎಂದುಕೊಳ್ಳೋಣ. ಒಟ್ಟು 1,92,000. ಕನ್ನಡದ ಒಂದೊಂದು ಆಕಾರಕ್ಕೆ 40 ಬಿಂದುಗಳಂತೆ ಹಿಡಿದರೂ ಕರ್ವ್ ಆದ ಪುಸ್ತಕ 76 ಲಕ್ಷಕ್ಕೂ ಹೆಚ್ಚು ಬಿಂದುಗಳನ್ನು ಹೊರಬೇಕು. ಎಂಬೆಡ್ ಮಾಡಿದಾಗ ಒಂದೊಂದು ಆಕಾರ ಒಂದೇ ಸಲ ಒಳಗೆ ಸೇರುತ್ತದೆ. ಬಳಕೆಯಾದ ಬೇರೆ ಬೇರೆ ಆಕಾರ 300 ಇದ್ದರೆ ಬರೀ 12,000 ಬಿಂದು, ಉಳಿದದ್ದೆಲ್ಲ "ಇಲ್ಲಿ ಇದನ್ನು ಇಡು" ಅನ್ನುವ ಚಿಕ್ಕ ಸೂಚನೆ. ಕರ್ವ್ ಆದ ಪುಸ್ತಕದ ಫೈಲು ಊದಿಕೊಳ್ಳುತ್ತದೆ, ತೆರೆಯಲು ತಡವರಿಸುತ್ತದೆ, ರಿಪ್ ನಿಧಾನವಾಗುತ್ತದೆ. ಅದರಲ್ಲಿ ಒಂದು ಪದ ಹುಡುಕಲೂ ಬರುವುದಿಲ್ಲ, ಆದ್ದರಿಂದ ಮುಂದೆ ಅದೇ ಪಿಡಿಎಫ್ಪನ್ನು ಇ-ಪುಸ್ತಕವಾಗಿ ಕೊಡುವ ಆಸೆಯಿದ್ದರೆ ಬಿಡಬೇಕು. ಇನ್‌ಡಿಸೈನಿನಲ್ಲಿ ಮಾಡಿದ ಪುಟಗಳಿಗೆ `Create Outlines` ಕೊಟ್ಟರೆ ಇನ್ನೊಂದು ನಷ್ಟ. ಅಡಿಗೆರೆಗಳು, ತಾನಾಗಿ ಬಂದ ಬುಲೆಟ್ಟು ಮತ್ತು ಕ್ರಮಸಂಖ್ಯೆಗಳು ಸದ್ದಿಲ್ಲದೆ ಮಾಯವಾಗುತ್ತವೆ. 160 ಪುಟದಲ್ಲಿ ಎಲ್ಲಿ ಏನು ಹೋಯಿತೆಂದು ಹುಡುಕುತ್ತೀರಿ? ಪುಸ್ತಕದ ಒಳಪುಟಕ್ಕೆ ಎಂಬೆಡ್ ಮಾಡಿದ ಪಿಡಿಎಫ್, ಬೇಕಾದರೆ ರಕ್ಷಾಪುಟವೊಂದಕ್ಕೆ ಕರ್ವ್, ಇದು ನನಗೆ ಸರಿಕಂಡ ಹಂಚಿಕೆ.

ಕಳಿಸುವ ಮುಂಚೆ ಪ್ರೆಸ್ಸಿನವರನ್ನು ಕೇಳಬೇಕಾದ್ದು "ಕರ್ವ್ ಬೇಕಾ?" ಎಂದಲ್ಲ. "ಪಿಡಿಎಫ್ ನೇರವಾಗಿ ರಿಪ್‌ಗೆ ಹಾಕ್ತೀರಾ, ಕೋರಲ್ಲಲ್ಲಿ ತೆರೀತೀರಾ?" ಎಂದು. ಕೋರಲ್ಲಲ್ಲಿ ತೆರೆಯುತ್ತಾರಾದರೂ ಒಂದು ದಾರಿ ಇದೆ, ಅದು ಎಷ್ಟೋ ಆಪರೇಟರುಗಳ ಗಮನಕ್ಕೆ ಬಂದಿರುವುದಿಲ್ಲ. ಪಿಡಿಎಫ್ ತರುವಾಗ ಕೋರಲ್ ಒಂದು ಚಿಕ್ಕ ಕಿಟಕಿ ತೆರೆದು, ಅಕ್ಷರವನ್ನು `Text` ಆಗಿ ತರಲೋ `Curves` ಆಗಿ ತರಲೋ ಎಂದು ಕೇಳುತ್ತದೆ. `Curves` ಎಂದರೆ ಪಿಡಿಎಫ್ಪಿನೊಳಗಿನ ಫಾಂಟಿನಿಂದಲೇ ಗೆರೆಗಳನ್ನು ತೆಗೆದು ಕೊಡುತ್ತದೆ, ಒತ್ತುಗಳು ಇದ್ದಲ್ಲೇ ಇರುತ್ತವೆ. ಫೋನಿನಲ್ಲಿ ಇಷ್ಟು ಹೇಳಿದರೆ ಹಲವು ಸಲ ಫೈಲನ್ನು ಮತ್ತೆ ಕಳಿಸುವ ಕೆಲಸವೇ ಉಳಿಯುತ್ತದೆ.

ಎಂಬೆಡ್ ಆಗಿದೆಯೋ ಇಲ್ಲವೋ ಎಂದು ನಿಮ್ಮ ಕಂಪ್ಯೂಟರಿನಲ್ಲಿ ಕಣ್ಣಿನಿಂದ ನೋಡಿ ತೀರ್ಮಾನಿಸಲು ಬಾರದು. ಫಾಂಟು ನಿಮ್ಮಲ್ಲಿ ಇದ್ದೇ ಇದೆ, ಎಂಬೆಡ್ ಆಗದ ಪಿಡಿಎಫ್ ಕೂಡ ನಿಮಗೆ ಚೆನ್ನಾಗಿಯೇ ಕಾಣುತ್ತದೆ. ಅಕ್ರೋಬ್ಯಾಟ್ ರೀಡರಿನಲ್ಲಿ `Ctrl+D` ಒತ್ತಿ `Fonts` ಎಂಬ ಪುಟ ನೋಡಿ. ಪ್ರತಿ ಫಾಂಟಿನ ಹೆಸರಿನ ಎದುರು `Embedded Subset` ಅಥವಾ `Embedded` ಎಂದಿರಬೇಕು. ಹಾಗಿಲ್ಲದ ಹೆಸರು ಒಂದಿದ್ದರೂ ಆ ಫಾಂಟಿನ ಸಾಲು ಪ್ರೆಸ್ಸಿನಲ್ಲಿ ಕೈಕೊಡಬಹುದು. ಎಲ್ಲ ಕರ್ವ್ ಆಗಿದ್ದರೆ ಈ ಪಟ್ಟಿ ಪೂರ್ತಿ ಖಾಲಿ. ಖಾಲಿಯಿರಬೇಕಾದಲ್ಲಿ ಒಂದು ಹೆಸರು ಉಳಿದಿದ್ದರೆ, ಎಲ್ಲೋ ಮೂಲೆಯ ಒಂದು ಸಾಲು ಆಯ್ಕೆಗೆ ಸಿಗದೆ ತಪ್ಪಿಸಿಕೊಂಡಿದೆ ಎಂದರ್ಥ. ಕಮಾಂಡ್ ಬರೆಯುವ ಅಭ್ಯಾಸವಿದ್ದವರಿಗೆ ಪಾಪ್ಲರ್ ಉಪಕರಣಗಳಲ್ಲಿ ಇದಕ್ಕೆಂದೇ ಒಂದಿದೆ:

```
pdffonts patrike.pdf
```

ಉತ್ತರದಲ್ಲಿ `emb` ಎಂಬ ಕಾಲಮ್ಮಿನ ಕೆಳಗೆ ಎಲ್ಲ ಸಾಲಿಗೂ `yes` ಬಂದರೆ ಫಾಂಟುಗಳೆಲ್ಲ ಒಳಗಿವೆ.

`no` ಬಂದು, ಎಷ್ಟು ಪ್ರಯತ್ನಿಸಿದರೂ ಬದಲಾಗದಿದ್ದರೆ ತಪ್ಪು ಫಾಂಟಿನದೇ ಇರಬಹುದು. ತನ್ನನ್ನು ಎಂಬೆಡ್ ಮಾಡಲು ಬಿಡುವುದೋ ಇಲ್ಲವೋ ಎಂದು ಫಾಂಟಿನ ತಯಾರಕರು ಅದರೊಳಗೇ ಒಂದು ಗುರುತು ಇಟ್ಟಿರುತ್ತಾರೆ. ಬೇಡ ಎಂದಿದ್ದರೆ ಬಹುತೇಕ ತಂತ್ರಾಂಶಗಳು ಮಾತು ಕೇಳುತ್ತವೆ. ಇದರಲ್ಲಿ ಮೈಕ್ರೋಸಾಫ್ಟ್ ವರ್ಡಿನ ನಡೆ ಬೇರೆ. ಪಿಡಿಎಫ್ ಉಳಿಸುವಾಗಿನ ಆಯ್ಕೆಗಳಲ್ಲಿ `Bitmap text when fonts may not be embedded` ಎಂಬ ಗುರುತು ಇರುತ್ತದೆ. ಅದು ಹಾಕಿದ್ದರೆ ಅಂಥ ಫಾಂಟಿನ ಅಕ್ಷರಗಳನ್ನು ವರ್ಡ್ ಗೆರೆಯೂ ಅಲ್ಲದ, ಅಕ್ಷರವೂ ಅಲ್ಲದ ಚುಕ್ಕೆಚಿತ್ರವಾಗಿಸಿಬಿಡುತ್ತದೆ. ಫಾಂಟ್ ಪಟ್ಟಿಯಲ್ಲಿ ಆ ಹೆಸರು ಕಾಣುವುದಿಲ್ಲ, ಕರ್ವ್ ಆಗಿದೆಯೆಂದು ನಂಬಿಬಿಡಬಹುದು. ಪಿಡಿಎಫ್ಪನ್ನು 800 ಪಾಲು ಹಿಗ್ಗಿಸಿ ಅಕ್ಷರದ ಅಂಚು ನೋಡಿ. ಕರ್ವ್ ಆಗಿದ್ದರೆ ಅಂಚು ನಯವಾಗಿಯೇ ಉಳಿಯುತ್ತದೆ, ಚುಕ್ಕೆಚಿತ್ರವಾಗಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಅಂಥ ಫೈಲನ್ನು ಪ್ರೆಸ್ಸಿಗೆ ಕಳಿಸುವ ಬದಲು ಫಾಂಟ್ ಬದಲಿಸಿ ಮತ್ತೆ ಪಿಡಿಎಫ್ ಮಾಡಿಕೊಳ್ಳಿ.